ರೈಟರ ಫಾಸ್ಫರಸ್ ಲೆಕ್ಕ: ಡಯಾಲಿಸಿಸ್ ಘಟಕದ ಒಂದು ಪ್ರಕರಣ

ಇವರ ಹೆಸರು, ಊರು ಎರಡನ್ನೂ ಬಿಟ್ಟಿದ್ದೇನೆ. ಗುರುತು ಸಿಗದಿರಲೆಂದು ಮನೆಯ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಕೊಡಗಿನ ಒಂದು ಕಾಫಿ ತೋಟದಲ್ಲಿ ಸುಮಾರು 30 ವರ್ಷ ಲೆಕ್ಕ ಬರೆದವರು ಎಂಬುದಷ್ಟೇ ಇಲ್ಲಿ ಬೇಕಾದ ಪರಿಚಯ. ಆಳುಗಳ ಹಾಜರಿ, ಕೂಲಿ, ಹಣ್ಣು ಕೊಯ್ದ ತೂಕ ಎಲ್ಲವನ್ನೂ ಚೆಕ್‌ರೋಲಿನಲ್ಲಿ ಬರೆದಿಡುವವರನ್ನು ತೋಟದಲ್ಲಿ ರೈಟರ್ ಎಂದು ಕರೆಯುತ್ತಾರೆ. ನಮ್ಮ ಡಯಾಲಿಸಿಸ್ ಘಟಕದಲ್ಲೂ ಅವರು ರೈಟರೇ. ನಾನು ಅಲ್ಲಿ ನರ್ಸ್.

ರೈಟರಿಗೆ ಆಗ 61 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡ ಸೋತು, ಎರಡು ವರ್ಷದಿಂದ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ವಾರಕ್ಕೆ ಮೂರು ಸಲ ಆದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ಆದರೆ ಮೆಷಿನ್ ಖಾಲಿ ಇರಬೇಕು, ಬಸ್ಸೂ ಇರಬೇಕು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಮತ್ತೆ ಮನೆ ಸೇರುವುದು ಮಧ್ಯಾಹ್ನ ಮೂರೂವರೆಗೆ.

ಊಟದ ಫಾಸ್ಫರಸ್ ರಕ್ತದಲ್ಲಿ ಏರದಂತೆ ಮೊದಲು ಅವರಿಗೆ ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆ ಇತ್ತು. ಅದನ್ನು ನುಂಗಬೇಕು. ಜನವರಿಯ ವರದಿಯಲ್ಲಿ ಫಾಸ್ಫರಸ್ 7.6 ಇತ್ತು. ಡಯಾಲಿಸಿಸ್‌ನವರಿಗೆ 5.5ರ ಒಳಗೆ ಇದ್ದರೆ ಸಾಕೆಂದು ನಾವು ನೋಡುತ್ತೇವೆ. ಕ್ಯಾಲ್ಸಿಯಂ ಕೂಡ 10.6ಕ್ಕೆ ಏರಿತ್ತು. ಎರಡೂ ಹೆಚ್ಚಾದರೆ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕೂರುವ ಭಯ. ಹದಿನೈದು ದಿನಕ್ಕೊಮ್ಮೆ ಮೈಸೂರಿನಿಂದ ಬರುವ ಮೂತ್ರಪಿಂಡ ತಜ್ಞರು ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿ ಲ್ಯಾಂಥನಂ ಕಾರ್ಬೊನೇಟ್ 500 ಮಿಲಿಗ್ರಾಂ ಬರೆದರು. ಚೀಟಿಯಲ್ಲಿ 1-1-1, ಪಕ್ಕದಲ್ಲಿ "ಊಟದೊಂದಿಗೆ, ಜಗಿದು". ಚೀಟಿ ಓದಿ ಹೇಳಿದವಳು ನಾನೇ. "ಮೂರು ಹೊತ್ತು, ಊಟಕ್ಕೆ, ಜಗಿದು ತಿನ್ನಿ" ಎಂದೆ. ಅವರು ತಲೆಯಾಡಿಸಿದರು. ಅಷ್ಟೇ ಹೊತ್ತಿಗೆ ಪಕ್ಕದ ಮೆಷಿನ್ ಕೂಗಿಕೊಂಡಿತು, ನಾನು ಓಡಿದೆ.

ಮಾರ್ಚ್‌ನಲ್ಲಿ ಫಾಸ್ಫರಸ್ 7.9.

ಮೊದಲು ಎಡವಿದ್ದು

ಹೊಸ ಮಾತ್ರೆ ಶುರುವಾಗಿ ಎರಡು ತಿಂಗಳಾದರೂ ಅಂಕಿ ಇಳಿಯುವ ಬದಲು ಏರಿದೆ ಎಂದಾಗ ಎಲ್ಲ ಘಟಕಗಳಲ್ಲೂ ಬಾಯಿಗೆ ಬರುವ ಮೊದಲ ಮಾತೇ ನಮ್ಮ ಬಾಯಿಗೂ ಬಂತು. ಪಥ್ಯ ಮಾಡುತ್ತಿಲ್ಲ ಎಂದೆವು.

ಮಾತ್ರೆ ಬಿಡುತ್ತಿದ್ದಾರಾ ಎಂದು ಮಾತ್ರ ನೋಡಿದೆವು. ರೈಟರು ಖಾಲಿ ಸ್ಟ್ರಿಪ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದು ಕೊಟ್ಟರು. ತಿಂಗಳಿಗೆ 90 ಮಾತ್ರೆ ಆಗಬೇಕು, 90 ಆಗಿತ್ತು. "ಒಂದೂ ಬಿಟ್ಟಿಲ್ಲ ಸಿಸ್ಟರ್" ಎಂದರು. ಅದು ನಿಜವೇ ಆಗಿತ್ತು. ಸ್ಟ್ರಿಪ್ ಎಣಿಸಿದ ಮೇಲೆ ಮಾತ್ರೆಯ ವಿಷಯ ಮುಗಿಯಿತೆಂದು ನಾನು ಭಾವಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಎಷ್ಟು ಮಾತ್ರೆ ಎಂದು ಕೇಳಿದೆನೇ ಹೊರತು ಹೇಗೆ, ಯಾವ ಹೊತ್ತಿಗೆ ಎಂದು ಕೇಳಲಿಲ್ಲ.

ಇನ್ನೊಂದನ್ನೂ ಆಗ ಗಮನಿಸಲಿಲ್ಲ. ಜನವರಿಯ ರಕ್ತ ತೆಗೆದದ್ದು ಶುಕ್ರವಾರ, ಅಂದರೆ ಮೂರು ದಿನದ ಅಂತರದ ನಂತರ. ಮಾರ್ಚ್‌ನದು ಮಂಗಳವಾರ, ನಾಲ್ಕು ದಿನದ ಅಂತರದ ನಂತರ. ಹೆಚ್ಚು ದಿನ ಕಳೆದಷ್ಟೂ ಫಾಸ್ಫರಸ್ ಹೆಚ್ಚೇ ಇರುತ್ತದೆ. 7.6 ಮತ್ತು 7.9ರ ನಡುವಿನ ಅಂತರಕ್ಕೆ ಅದೂ ಒಂದು ಕಾರಣ ಇದ್ದಿರಬಹುದು. ಆ ನಂತರ ಅವರ ರಕ್ತವನ್ನು ಮಂಗಳವಾರವೇ, ಡಯಾಲಿಸಿಸ್ ಶುರು ಮಾಡುವ ಮುನ್ನವೇ ತೆಗೆಯುತ್ತಾ ಬಂದೆವು.

ಪಥ್ಯದ ಪಟ್ಟಿ ಕೊಟ್ಟೆವು. ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನು, ಬೇಳೆ ಎಲ್ಲಕ್ಕೂ "ಕಡಿಮೆ" ಎಂದು ಬರೆದ ಪಟ್ಟಿ. ಲೆಕ್ಕದ ಮನುಷ್ಯ, ಕಡಿಮೆ ಎಂದರೆ ಪೂರ್ತಿ ಬಿಡುವುದೇ ಸುರಕ್ಷಿತ ಎಂದುಕೊಂಡರು. ಏಪ್ರಿಲ್‌ನಲ್ಲಿ ಫಾಸ್ಫರಸ್ 7.2ಕ್ಕೆ ಇಳಿಯಿತು, ನಾವೂ ಖುಷಿಪಟ್ಟೆವು. ಆದರೆ ಅದೇ ವರದಿಯಲ್ಲಿ ರಕ್ತದಲ್ಲಿನ ಪ್ರೋಟೀನ್ ಆದ ಅಲ್ಬುಮಿನ್ 3.8ರಿಂದ 3.3ಕ್ಕೆ ಬಿದ್ದಿತ್ತು. ನೀರು ತೆಗೆದ ಮೇಲಿನ ತೂಕ ಎರಡು ಕಿಲೋ ಕಡಿಮೆಯಾಗಿತ್ತು. ಅವರ ಹೆಂಡತಿ ಬಾಗಿಲ ಬಳಿ ನಿಂತು, "ರಾತ್ರಿ ಬರೀ ಅನ್ನ, ತಿಳಿಸಾರು ಉಣ್ತಾರೆ ಸಿಸ್ಟರ್. ಹೀಗೇ ಆದ್ರೆ ಮೆಟ್ಟಿಲು ಹತ್ತೋಕೂ ಆಗಲ್ಲ" ಎಂದರು.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪ್ರೋಟೀನ್ ಸಾಮಾನ್ಯರಿಗಿಂತ ಹೆಚ್ಚೇ ಬೇಕು, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ. ಪ್ರೋಟೀನ್ ಇರುವಲ್ಲೆಲ್ಲ ಫಾಸ್ಫರಸ್ ಇದ್ದೇ ಇರುತ್ತದೆ. ಹೊಟ್ಟೆಗೆ ಕಡಿಮೆ ಹಾಕಿ ಫಾಸ್ಫರಸ್ ಇಳಿಸಿದರೆ ಮನುಷ್ಯನೂ ಇಳಿಯುತ್ತಾನೆ. ತಿನ್ನಲು ಬಿಟ್ಟು, ತಿಂದದ್ದರಲ್ಲಿ ಒಂದು ಪಾಲನ್ನು ಹೊಟ್ಟೆಯಲ್ಲೇ ಹಿಡಿದು ಹೊರಗೆ ಕಳಿಸಲೆಂದೇ ಈ ಮಾತ್ರೆ ಇರುವುದು. ಡಾಕ್ಟರು ಪಟ್ಟಿಯನ್ನು ವಾಪಸ್ ತೆಗೆದುಕೊಂಡು, ಮುಂದಿನ ಭೇಟಿಗೆ ಮಾತ್ರೆಯನ್ನು 1000 ಮಿಲಿಗ್ರಾಂಗೆ ಏರಿಸೋಣ ಎಂದರು. ಏರಿಸುವ ಮುಂಚೆಯೇ ಬೇರೊಂದು ಆಯಿತು.

ಎಕ್ಸ್‌ರೇ

ಮೇ ಮೊದಲ ವಾರ ರೈಟರಿಗೆ ಹೊಟ್ಟೆನೋವು. ಐದು ದಿನದಿಂದ ಮಲ ಸರಿಯಾಗಿ ಹೋಗಿರಲಿಲ್ಲ. ಡಯಾಲಿಸಿಸ್‌ನವರಲ್ಲಿ ಮಲಬದ್ಧತೆ ಹೊಸತೇನಲ್ಲ. ನೀರು ಕಡಿಮೆ, ಹಣ್ಣು ತರಕಾರಿ ಕಡಿಮೆ. ಆದರೆ ನೋವು ಜೋರಿದ್ದರಿಂದ ಹೊಟ್ಟೆಯ ಎಕ್ಸ್‌ರೇ ತೆಗೆಸಿದರು. ಎಕ್ಸ್‌ರೇ ಕೋಣೆಯ ಹುಡುಗ ಫಿಲ್ಮ್ ಹಿಡಿದುಕೊಂಡೇ ಬಂದ. "ಸಿಸ್ಟರ್, ಇವರು ಕಾಸು ಗೀಸು ನುಂಗಿದಾರಾ?"

ದೊಡ್ಡ ಕರುಳಿನ ಉದ್ದಕ್ಕೂ ಬೆಳ್ಳಗೆ ಹೊಳೆಯುವ ಬಿಲ್ಲೆಗಳು. ಕೆಲವು ಪೂರ್ತಿ ದುಂಡು, ಕೆಲವು ಅರ್ಧಚಂದ್ರ. ಎಣಿಸಿದರೆ ಏಳೆಂಟು. ಲ್ಯಾಂಥನಂ ಭಾರದ ಲೋಹ, ಎಕ್ಸ್‌ರೇಯಲ್ಲಿ ಮೂಳೆಗಿಂತಲೂ ಬೆಳ್ಳಗೆ ಕಾಣುತ್ತದೆ. ಚೆನ್ನಾಗಿ ಜಗಿದವರ ಹೊಟ್ಟೆಯಲ್ಲೂ ಅದು ಕಾಣುವುದುಂಟು, ಆದರೆ ಸುಣ್ಣದ ಪುಡಿ ಚೆಲ್ಲಿದ ಹಾಗೆ ಚದುರಿರುತ್ತದೆ. ಇಲ್ಲಿ ಮಾತ್ರೆಯ ಆಕಾರವೇ ಹಾಗೇ ಉಳಿದಿತ್ತು. ಅಂದರೆ ಬಾಯಿಂದ ಹಿಡಿದು ದೊಡ್ಡ ಕರುಳಿನವರೆಗೆ ಅದು ಹೆಚ್ಚುಕಡಿಮೆ ಇಡಿಯಾಗಿಯೇ ಬಂದಿತ್ತು.

ಡಾಕ್ಟರಿಗೆ ಫೋನ್ ಮಾಡಿದೆವು. ಮೊದಲು ಲ್ಯಾಂಥನಂ ನಿಲ್ಲಿಸಿ ಎಂದರು. ಜಗಿಯದೆ ನುಂಗಿದರೆ ಈ ಮಾತ್ರೆ ಗಟ್ಟಿಯಾಗಿ ಕೂತು ಕರುಳು ಕಟ್ಟಿಕೊಳ್ಳುವುದುಂಟು. ಕರುಳು ಕಟ್ಟಿರುವಾಗ, ಮಲ ಗಟ್ಟಿಯಾಗಿ ಕಟ್ಟಿಕೊಂಡಿರುವಾಗ ಅದನ್ನು ಕೊಡುವಂತೆಯೇ ಇಲ್ಲ. ಲ್ಯಾಕ್ಟುಲೋಸ್ ಸಿರಪ್ ಕೊಟ್ಟರು. ಆ ದಿನ ವಾರ್ಡಿನಲ್ಲಿದ್ದ ಹೊಸ ಹುಡುಗಿ ಫಾಸ್ಫೇಟ್ ಎನಿಮಾ ಹಿಡಿದು ಬಂದಿದ್ದಳು. ಅದನ್ನು ಅಲ್ಲೇ ತಡೆದೆವು. ಫಾಸ್ಫರಸ್ ಹೊರಹಾಕಲಾಗದವರ ಕರುಳಿಗೆ ಫಾಸ್ಫೇಟನ್ನೇ ತುಂಬಿದ ಹಾಗಾಗುತ್ತಿತ್ತು. ಮೂರನೇ ದಿನಕ್ಕೆ ಹೊಟ್ಟೆ ಹಗುರಾಯಿತು.

ಆಮೇಲೆ ಕುರ್ಚಿ ಎಳೆದುಕೊಂಡು ಅವರ ಮಂಚದ ಪಕ್ಕ ಕೂತು, ಜನವರಿಯಲ್ಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ, ಮಾಡಿ ತೋರಿಸಿ ಎಂದೆ.

ಅವರು ಏನೂ ಮುಚ್ಚಿಡಲಿಲ್ಲ. ಕೆಳದವಡೆಯ ಹಲ್ಲು ಬಹುಪಾಲು ಹೋಗಿದ್ದವು. ಕಟ್ಟಿಸಿದ ಹಲ್ಲುಸೆಟ್ಟು ಸಡಿಲಾಗಿ ಊಟಕ್ಕೆ ಕೂತಾಗ ತೆಗೆದಿಡುತ್ತಿದ್ದರು. ಮಾತ್ರೆಯೋ ಸೀಮೆಸುಣ್ಣದಂತೆ ಗಟ್ಟಿ. ಒಂದೆರಡು ದಿನ ಚೀಪಿ ನೋಡಿ, ಆಗದೆ, ಇಡಿಯಾಗಿಯೋ ಎರಡು ಹೋಳು ಮಾಡಿಯೋ ನುಂಗತೊಡಗಿದರು. ಅದೂ ಊಟಕ್ಕಲ್ಲ. ದಿನಕ್ಕೆ ಮುಕ್ಕಾಲು ಲೀಟರ್ ನೀರಿನ ಮಿತಿ ಹಾಕಿದವರು ನಾವೇ. ಮೂರು ಹೊತ್ತೂ ಮಾತ್ರೆಗೆಂದು ನೀರು ಕುಡಿದರೆ ಬಾಯಾರಿದಾಗ ಕುಡಿಯಲು ಉಳಿಯುವುದಿಲ್ಲ. ಹಾಗಾಗಿ ರಾತ್ರಿ ಹತ್ತು ಗಂಟೆಗೆ, ಮಲಗುವ ಮುಂಚೆ, ಬಿಪಿ ಮಾತ್ರೆ, ವಿಟಮಿನ್, ಈ ಮೂರು, ಎಲ್ಲವನ್ನೂ ಅಂಗೈಯಲ್ಲಿ ಕೂಡಿಸಿಕೊಂಡು ಅರ್ಧ ಲೋಟ ನೀರಿನಲ್ಲಿ ಒಂದೇ ಸಲಕ್ಕೆ. ಊಟ ಮುಗಿದು ಆಗಲೇ ಎರಡು ಗಂಟೆ.

"ಹೇಗೂ ರಕ್ತ ಶುದ್ಧ ಮಾಡೋ ಮಾತ್ರೆ ಅಲ್ವಾ ಸಿಸ್ಟರ್, ಯಾವಾಗ ತಗೊಂಡ್ರೇನು ಅಂದ್ಕೊಂಡೆ."

ಎಲ್ಲವೂ ಈ ಒಂದು ತಿಳಿವಳಿಕೆಯಿಂದಲೇ ಹುಟ್ಟಿದ್ದು, ಅದನ್ನು ಸರಿಪಡಿಸುವ ಕೆಲಸ ನಮ್ಮದಾಗಿತ್ತು. ಈ ಮಾತ್ರೆ ರಕ್ತದಿಂದ ಏನನ್ನೂ ತೆಗೆಯುವುದಿಲ್ಲ. ಅದರ ಕೆಲಸವೆಲ್ಲ ಹೊಟ್ಟೆ ಕರುಳಿನಲ್ಲಿ. ಊಟ ಜೀರ್ಣವಾಗುತ್ತಾ ಫಾಸ್ಫೇಟ್ ಬಿಡುಗಡೆಯಾಗುತ್ತದೆ. ಆ ಹೊತ್ತಿಗೆ ಲ್ಯಾಂಥನಂ ಪುಡಿಯಾಗಿ ಅನ್ನದ ಜತೆ ಬೆರೆತಿದ್ದರೆ ಎರಡೂ ಸೇರಿ ಕರಗದ ವಸ್ತುವಾಗಿ ಮಲದಲ್ಲಿ ಹೋಗುತ್ತದೆ. ಮಾತ್ರೆ ಇಡಿಯಾಗಿದ್ದರೆ ಅದರ ಹೊರಮೈ ಮಾತ್ರ ಕೆಲಸ ಮಾಡುತ್ತದೆ, ಒಳಗಿನದು ದಂಡ. ಊಟ ಮುಂದೆ ಹೋದ ಮೇಲೆ ಬಂದರೆ ಹಿಡಿಯಲು ಎದುರಿಗೆ ಏನೂ ಇರುವುದಿಲ್ಲ. ರೈಟರಿಗೆ ನಾನು ಹೇಳಿದ್ದು ತೋಟದ ಭಾಷೆಯಲ್ಲಿ. "ಗೊಬ್ಬರದ ಮೂಟೆ ಬಿಚ್ಚದೆ ಗಿಡದ ಬುಡಕ್ಕೆ ಇಟ್ಟು ಬಂದ ಹಾಗಾಯ್ತು." ಅವರು ನಕ್ಕರು. ಸ್ವಲ್ಪ ಹೊತ್ತಿನ ನಂತರ, "ಮೂರು ತಿಂಗಳ ಮೂಟೆ" ಎಂದು ತಮಗೆ ತಾವೇ ಹೇಳಿಕೊಂಡರು. ಮಾತ್ರೆಯ ಬೆಲೆ ಅವರಿಗೆ ಗೊತ್ತಿತ್ತು.

ಕುಟ್ಟಾಣಿ

ಹಲ್ಲಿಲ್ಲದವರಿಗೆ ಜಗಿಯಿರಿ ಎಂದರೆ ಆಗುವುದಿಲ್ಲ. ಲ್ಯಾಂಥನಂ ಮಾತ್ರೆಯನ್ನು ಪುಡಿ ಮಾಡಿಯೂ ತೆಗೆದುಕೊಳ್ಳಬಹುದು. ಡಾಕ್ಟರು ಒಪ್ಪಿದರು. ದಾರಿ ತೋರಿಸಿದ್ದು ಮಾತ್ರ ರೈಟರ ಹೆಂಡತಿ. ಅವರ ಅತ್ತೆ ಹಲ್ಲು ಹೋದ ಮೇಲೆ ಎಲೆಅಡಿಕೆ ಕುಟ್ಟಿಕೊಳ್ಳುತ್ತಿದ್ದ ಹಿತ್ತಾಳೆಯ ಕುಟ್ಟಾಣಿ ಅಟ್ಟದಲ್ಲಿತ್ತು. ಹುಣಸೆಹಣ್ಣು ಹಾಕಿ ಉಜ್ಜಿ, ಸುಣ್ಣದ ಕಲೆ ಚೂರೂ ಉಳಿಯದಂತೆ ತೊಳೆದು, ಒಣಗಿಸಿ ಮುಂದಿನ ಮಂಗಳವಾರ ಘಟಕಕ್ಕೇ ತಂದರು. ನಮ್ಮೆದುರು ಮಾತ್ರೆ ಹಾಕಿ ಹತ್ತು ಹನ್ನೆರಡು ಸಲ ಕುಟ್ಟಿದರು. ಒರಟು ಪುಡಿ ಬಂತು. ಇನ್ನೂ ನುಣುಪಾಗಲಿ ಎಂದೆ. ರಾಗಿಹಿಟ್ಟಿನಷ್ಟು ನುಣುಪಾಯಿತು.

ಅದನ್ನು ತಿನ್ನುವ ಕ್ರಮ ಹೀಗೆ ಗಟ್ಟಿಯಾಯಿತು. ಊಟ ಶುರು ಮಾಡಿ ನಾಲ್ಕೈದು ತುತ್ತು ಒಳಗೆ ಹೋದ ಮೇಲೆ, ಪುಡಿಯನ್ನು ಒಂದು ತುತ್ತು ಅನ್ನಕ್ಕೋ ಗಸಿಗೋ ಕಲಸಿ ಆ ತುತ್ತನ್ನು ತಕ್ಷಣ ತಿನ್ನುವುದು, ಮತ್ತೆ ಊಟ ಮುಂದುವರಿಸುವುದು. ಎರಡು ಮಾತ್ರೆ ಇದ್ದರೆ ಒಂದು ಆರಂಭದಲ್ಲಿ, ಇನ್ನೊಂದು ಊಟದ ಕೊನೆಯಲ್ಲಿ. ತಟ್ಟೆಯಲ್ಲಿದ್ದ ಅಷ್ಟೂ ಅನ್ನಕ್ಕೆ ಬೆರೆಸಬಾರದು, ಕೊನೆಗೆ ಬಿಟ್ಟ ಅನ್ನದಲ್ಲಿ ಮಾತ್ರೆಯೂ ಉಳಿದುಹೋಗುತ್ತದೆ. ನಾಲಿಗೆಯನ್ನು ವಸಡಿನ ಮೇಲೆ ಆಡಿಸಿದರೆ ಮರಳು ಮರಳು ಸಿಗಬಾರದು. ಇದಕ್ಕೆ ಬೇರೆ ನೀರು ಬೇಡ. ರೈಟರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ರಾತ್ರಿಯ ಅರ್ಧ ಲೋಟದಲ್ಲಿ ಒಂದಷ್ಟು ನೀರು ಅವರಿಗೆ ವಾಪಸ್ ಸಿಕ್ಕಿತು.

ಒಂದು ಅಪಾಯ ಸ್ವಲ್ಪದರಲ್ಲಿ ತಪ್ಪಿತು. ಕುಟ್ಟಾಣಿಯ ಸುದ್ದಿ ಘಟಕದಲ್ಲಿ ಹಬ್ಬಿ, ಪಕ್ಕದ ಮಂಚದ ಹೆಂಗಸೊಬ್ಬರು ತಮ್ಮ ಫಾಸ್ಫರಸ್ ಮಾತ್ರೆಯನ್ನೂ ಕುಟ್ಟತೊಡಗಿದ್ದರು. ಅವರದ್ದು ಸೆವೆಲಮರ್. ಅದು ನೀರು ತಾಗಿದರೆ ಉಬ್ಬುವ ಮಾತ್ರೆ, ಇಡಿಯಾಗಿಯೇ ನುಂಗಬೇಕು. ಗಂಟಲಲ್ಲಿ ಅಂಟಿಕೊಂಡಿತೆಂದು ಅವರೇ ಹೇಳಿದ್ದರಿಂದ ಗೊತ್ತಾಯಿತು. ಎರಡನ್ನೂ "ಫಾಸ್ಫರಸ್ ಮಾತ್ರೆ" ಎಂದೇ ನಾವು ಕರೆಯುತ್ತಿದ್ದುದು ಆ ಗೊಂದಲಕ್ಕೆ ಕಾರಣ. ಅಂದಿನಿಂದ ಪ್ರತಿಯೊಬ್ಬರ ಮಾತ್ರೆ ಡಬ್ಬಿಯ ಮೇಲೆ "ಜಗಿಯುವುದು" ಅಥವಾ "ನುಂಗುವುದು" ಎಂದು ಪ್ಲಾಸ್ಟರ್ ಅಂಟಿಸಿ ಪೆನ್ನಿನಲ್ಲಿ ಬರೆಯುತ್ತೇವೆ.

ಮಾತ್ರೆ ಮತ್ತೆ ಶುರುವಾದದ್ದು ಮೇ ಮೂರನೇ ವಾರ, ಅದೇ 500 ಮಿಲಿಗ್ರಾಂ, ಅದೇ 1-1-1. ಊಟವನ್ನೂ ಮೊದಲಿನಂತೆ ಮಾಡಲು ಹೇಳಿದೆವು. ಜೂನ್ ಕೊನೆಗೆ ಫಾಸ್ಫರಸ್ 6.5. ಮಾಂಸ, ಮೊಟ್ಟೆ ಮತ್ತೆ ತಟ್ಟೆಗೆ ಬಂದಿದ್ದರೂ ಇಳಿದಿತ್ತು. ಡಾಕ್ಟರು ಈಗ 1000ಕ್ಕೆ ಏರಿಸಬಹುದಿತ್ತು. ಅವರು ಚೀಟಿ ಬರೆಯಲು ಪೆನ್ನು ತೆಗೆದಾಗ ರೈಟರು ಕೇಳಿದ ಒಂದು ಪ್ರಶ್ನೆಯಿಂದ ಪೆನ್ನು ನಿಂತಿತು. "ಡಯಾಲಿಸಿಸ್ ದಿನ ಮಧ್ಯಾಹ್ನ ನಾನು ಊಟಾನೇ ಮಾಡಲ್ಲ ಸಾರ್. ಬಸ್ಸಲ್ಲಿ ಒಂದು ಕಾಫಿ. ಆಗ ಮಾತ್ರೆ ಎಲ್ಲಿಗೆ ಹಾಕ್ಲಿ?"

ಗೀಟು

1-1-1 ಎನ್ನುವುದು ದಿನಕ್ಕೆ ಮೂರು ಸಮನಾದ ಊಟ ಮಾಡುವವರಿಗೆ ಬರೆದ ಲೆಕ್ಕ. ಅಂಥವರನ್ನು ನಾನು ಕಂಡದ್ದು ಕಡಿಮೆ. ಡಾಕ್ಟರು ಒಂದು ವಾರ ತಿಂದದ್ದನ್ನೆಲ್ಲ ಬರೆದುಕೊಂಡು ಬನ್ನಿ ಎಂದರು. ಬೇರೆ ಯಾರಾದರೂ ಆಗಿದ್ದರೆ ಮೂರನೇ ದಿನಕ್ಕೆ ನಿಲ್ಲಿಸುತ್ತಿದ್ದರು. ರೈಟರು ಹಳೆಯ ಚೆಕ್‌ರೋಲಿನ ಖಾಲಿ ಹಾಳೆಗಳಲ್ಲಿ, ಎಡಕ್ಕೆ ದಿನ, ಮೇಲೆ ಹೊತ್ತು, ಕೋಣೆ ಕೋಣೆಯಲ್ಲಿ ಐಟಂ, ಅಳತೆ ಸಹಿತ ತಂದರು.

ನಾನು ಕೂತು ಅದನ್ನು ಅಂದಾಜಿನ ಫಾಸ್ಫರಸ್‌ಗೆ ಇಳಿಸಿದೆ. ಜರ್ಮನಿಯಲ್ಲಿ ರೋಗಿಗಳಿಗೆ ಇದನ್ನು ಕಲಿಸುವ ಒಂದು ಪದ್ಧತಿ ಇದೆ, 100 ಮಿಲಿಗ್ರಾಂ ಫಾಸ್ಫರಸ್‌ಗೆ ಒಂದು ಘಟಕ ಎಂದು ಎಣಿಸುವುದು. ರೈಟರಿಗೆ ಅದು ತಕ್ಷಣ ಹಿಡಿಸಿತು, ಹೆಸರು ಮಾತ್ರ ಅವರೇ ಇಟ್ಟರು: ಗೀಟು. ಆಳು ಮೂಟೆ ಹೊತ್ತು ತಂದಾಗಲೆಲ್ಲ ಹಾಕುವ ಗೀಟು.

ಕೈಗೆ ಸಿಗುವ ಅಳತೆ ಇಷ್ಟೇ ಇಟ್ಟುಕೊಂಡೆವು. ಒಂದು ಮೊಟ್ಟೆ ಒಂದು ಗೀಟು. ಚಿಕ್ಕ ಲೋಟ ಹಾಲು, ಅಂದರೆ 100 ಎಂಎಲ್, ಒಂದು ಗೀಟು. ಅಂಗೈಯಗಲದ ಮಾಂಸ ಅಥವಾ ಮೀನು, ಸುಮಾರು 100 ಗ್ರಾಂ, ಎರಡು ಗೀಟು. ಎರಡು ಅಕ್ಕಿರೊಟ್ಟಿಗೆ ಒಂದು. ಎರಡು ಸಣ್ಣ ಬಟ್ಟಲು ಅನ್ನಕ್ಕೆ ಒಂದು. ಎಳ್ಳುಪಜ್ಜಿ, ಬೇಳೆಗಳಲ್ಲಿ ಲೆಕ್ಕಕ್ಕೆ ಫಾಸ್ಫರಸ್ ಹೆಚ್ಚು ಕಂಡರೂ ಅದರ ಅರ್ಧದಷ್ಟೇ ಮೈಗೆ ಹತ್ತುತ್ತದೆ, ಯಾಕೆಂದರೆ ಕಾಳು ಬೀಜಗಳಲ್ಲಿ ಅದು ಬಿಡಿಸಿಕೊಳ್ಳಲಾಗದ ರೂಪದಲ್ಲಿರುತ್ತದೆ. ಹಾಗಾಗಿ ಅವಕ್ಕೆ ಅರ್ಧ ಗೀಟು. ಪ್ಯಾಕೆಟ್ಟಿನ ಸಾಸೇಜು, ಬಾಟಲಿಯ ಕೋಲಾ ಇಂಥವಕ್ಕೆ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಅವನ್ನು ಗೀಟು ಹಾಕಿ ತಿನ್ನುವ ಬದಲು ಬಿಡುವುದೇ ಲೇಸೆಂದು ಹೇಳಿದೆ. ಅವರಿಗೆ ಅವುಗಳ ಆಸೆಯೂ ಇರಲಿಲ್ಲ.

ವಾರದ ಹಾಳೆ ಹೇಳಿದ ಕತೆ ಹೀಗಿತ್ತು. ಬೆಳಿಗ್ಗೆ ರೊಟ್ಟಿ, ಎಳ್ಳುಪಜ್ಜಿ, ಕೆಲವು ದಿನ ಅರ್ಧ ಮೊಟ್ಟೆ: ಎರಡು ಗೀಟು. ಮನೆಯಲ್ಲಿದ್ದ ದಿನ ಮಧ್ಯಾಹ್ನ ಅನ್ನ, ಸಾರು, ಪಲ್ಯ, ಮಜ್ಜಿಗೆ: ಎರಡು. ಡಯಾಲಿಸಿಸ್ ದಿನ ಮಧ್ಯಾಹ್ನ: ಸೊನ್ನೆ. ಸಂಜೆ ಹಾಲು ಹಾಕಿದ ಕಾಫಿ: ಒಂದು. ರಾತ್ರಿ ಮಗ ಕೆಲಸದಿಂದ ಬಂದ ಮೇಲೆ ಮನೆಯವರೆಲ್ಲ ಕೂತು ಉಣ್ಣುವ ಊಟ. ಕೋಳಿಯೋ, ಮೀನೋ, ಭಾನುವಾರ ಪಂದಿಕರಿ ಕಡಂಬಿಟ್ಟು: ನಾಲ್ಕು, ಕೆಲವೊಮ್ಮೆ ಐದು. ದಿನದ ಒಂಬತ್ತು ಗೀಟಿನಲ್ಲಿ ಹತ್ತಿರ ಹತ್ತಿರ ಅರ್ಧ ರಾತ್ರಿಯ ತಟ್ಟೆಯಲ್ಲಿತ್ತು. ಮಾತ್ರೆಯಲ್ಲಿ ಮಾತ್ರ ಮೂರನೇ ಒಂದು ಪಾಲು ಅಲ್ಲಿತ್ತು. ವಾರಕ್ಕೆ ಎರಡು ಮಾತ್ರೆ ಬಸ್ಸಿನ ಕಾಫಿಗೆ ಹೋಗುತ್ತಿತ್ತು.

ಈ ಮಾತ್ರೆಯ ಕಸುವು ಎಷ್ಟೆಂದು ತಿಳಿದರೆ ಅದು ಯಾಕೆ ದೊಡ್ಡ ವಿಷಯ ಎಂದು ಗೊತ್ತಾಗುತ್ತದೆ. 500 ಮಿಲಿಗ್ರಾಂನ ಒಂದು ಲ್ಯಾಂಥನಂ ಮಾತ್ರೆ ಸರಿಯಾಗಿ ಬೆರೆತರೆ ಹಿಡಿಯುವುದು ಸುಮಾರು 65 ಮಿಲಿಗ್ರಾಂ ಫಾಸ್ಫರಸ್, ಒಂದು ಗೀಟಿನ ಮೂರನೇ ಎರಡು ಪಾಲು. ರೈಟರು ವಾರಕ್ಕೆ ತಿನ್ನುವುದು ಸುಮಾರು 6300 ಮಿಲಿಗ್ರಾಂ. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮೈಗೆ ಹತ್ತಿತೆಂದರೂ 3800. ಒಂದು ಸಲದ ಡಯಾಲಿಸಿಸ್ 800ರಷ್ಟು ತೆಗೆಯಿತೆಂದರೆ ಎರಡು ಸಲಕ್ಕೆ 1600. ಉಳಿದ 2200ಕ್ಕೆ ಮಾತ್ರೆಯೇ ದಿಕ್ಕು, ಜತೆಗೆ ಅವರಿಗೆ ಇನ್ನೂ ಬರುತ್ತಿದ್ದ ಒಂದಿಷ್ಟು ಮೂತ್ರ. ದಿನಕ್ಕೆ ಮೂರು ಮಾತ್ರೆ ಒಂದೂ ವ್ಯರ್ಥವಾಗದೆ ಕೆಲಸ ಮಾಡಿದರೂ ವಾರಕ್ಕೆ 1400 ದಾಟುವುದಿಲ್ಲ. ಇದೆಲ್ಲ ಒರಟು ಅಂದಾಜು, ಆದರೆ ಒಂದು ಮಾತ್ರೆಯೂ ದಂಡವಾಗುವಂತಿಲ್ಲ ಎಂದು ತಿಳಿಯಲು ಅಷ್ಟು ಸಾಕು.

ಡಾಕ್ಟರು ಡೋಸ್ ಏರಿಸಲಿಲ್ಲ. ಬದಲಿಗೆ ಚೀಟಿಯಲ್ಲಿ ಹೀಗೆ ಬರೆದುಕೊಟ್ಟರು. ಒಂದು ಗೀಟಿನವರೆಗೆ ಮಾತ್ರೆ ಬೇಡ. ಎರಡು ಮೂರು ಗೀಟಿಗೆ ಒಂದು ಮಾತ್ರೆ. ನಾಲ್ಕು ಐದಕ್ಕೆ ಎರಡು. ಅದರ ಮೇಲೆ ಮೂರು. ದಿನಕ್ಕೆ ಒಟ್ಟು ಐದು ದಾಟಬಾರದು, ಹೊಟ್ಟೆನೋವು, ವಾಂತಿ, ಮಲ ಕಟ್ಟುವುದು ಶುರುವಾದರೆ ನಿಲ್ಲಿಸಿ ತಿಳಿಸಬೇಕು. ಮರೆತರೆ, ಊಟ ಮುಗಿದ ಕೂಡಲೇ ನೆನಪಾದರೆ ತೆಗೆದುಕೊಳ್ಳಬಹುದು. ಗಂಟೆಗಳು ಕಳೆದಿದ್ದರೆ ಬಿಟ್ಟುಬಿಡಬೇಕು, ಮುಂದಿನ ಊಟಕ್ಕೆ ಅದನ್ನೂ ಸೇರಿಸಬಾರದು. ಈ ಅಳತೆ ಇವರ ಊಟ, ಇವರ ರಕ್ತ ನೋಡಿ ಇವರಿಗಾಗಿ ಬರೆದದ್ದು. ಬೇರೆಯವರಿಗೆ ಅವರ ಡಾಕ್ಟರೇ ಬರೆಯಬೇಕು.

ಮನೆಯಲ್ಲಿರುವ ದಿನ 1-1-2, ಡಯಾಲಿಸಿಸ್ ದಿನ 1-0-2. ವಾರಕ್ಕೆ ಮೊದಲು 21 ಮಾತ್ರೆ ಆಗುತ್ತಿತ್ತು, ಈಗ 26. ಹೆಚ್ಚಾದದ್ದು ಐದು. 1000ಕ್ಕೆ ಏರಿಸಿದ್ದರೆ ದುಪ್ಪಟ್ಟು ಆಗುತ್ತಿತ್ತು.

ಮುಂದೆ ಆದದ್ದು

ಜುಲೈ ಮಳೆಯಲ್ಲಿ ದಾರಿಗೆ ಮರ ಬಿದ್ದು ಒಂದು ಶುಕ್ರವಾರದ ಡಯಾಲಿಸಿಸ್ ತಪ್ಪಿತು. ಮರುವಾರದ ರಕ್ತದಲ್ಲಿ 7.0 ಬಂತು. ಆ ಅಂಕಿಯನ್ನು ನೋಡಿ ಯಾರೂ ಚೀಟಿ ಬದಲಿಸಲಿಲ್ಲ. ಮಾರ್ಚ್‌ನಲ್ಲಾಗಿದ್ದರೆ ಬದಲಿಸುತ್ತಿದ್ದೆವು.

ಸೆಪ್ಟೆಂಬರ್ ಮೊದಲಲ್ಲಿ ಕೊಡಗಿನ ಕೈಲ್ ಮುಹೂರ್ತ ಹಬ್ಬ. ನೆಂಟರ ಮನೆಯಲ್ಲಿ ಮಧ್ಯಾಹ್ನದ ಊಟ, ಪಂದಿಕರಿ, ಕಡಂಬಿಟ್ಟು. ರೈಟರ ಅಂದಾಜಿಗೆ ಆರು ಗೀಟು. ಮಾತ್ರೆ ಮೂರು ಬೇಕು, ಆದರೆ ಕುಟ್ಟಾಣಿ ಮನೆಯಲ್ಲಿ. ಹೆಂಡತಿ ಬೆಳಿಗ್ಗೆಯೇ ಮೂರನ್ನೂ ಕುಟ್ಟಿ ಮೂರು ಕಾಗದದ ಪೊಟ್ಟಣ ಕಟ್ಟಿ ಶರ್ಟಿನ ಜೇಬಿಗೆ ಹಾಕಿದ್ದರು. ಪೊಟ್ಟಣ ಬಿಚ್ಚಿ ಗಸಿಗೆ ಕಲಸುವುದನ್ನು ನೋಡಿ ನೆಂಟರು ಏನೇನೋ ಕೇಳಿದರಂತೆ. "ಹುಳಿಗೆ ಕಾಚಂಪುಳಿ ಸಾಲದು ಅಂದೆ" ಎಂದು ಮರುದಿನ ನಮಗೆ ಹೇಳಿ ನಕ್ಕರು. ಆ ರಾತ್ರಿ ಹಸಿವಿರಲಿಲ್ಲ, ಗಂಜಿ ಕುಡಿದು ಮಲಗಿದರು, ಮಾತ್ರೆ ಹಾಕಲಿಲ್ಲ.

ಸೆಪ್ಟೆಂಬರ್ ಕೊನೆಗೆ 5.4. ಕ್ಯಾಲ್ಸಿಯಂ 9.3. ಅಲ್ಬುಮಿನ್ 3.7ಕ್ಕೆ ವಾಪಸ್ ಬಂದಿತ್ತು.

ಇದರಲ್ಲಿ ಪುಡಿ ಮಾಡಿದ್ದರ ಪಾಲೆಷ್ಟು, ಹಂಚಿಕೆಯ ಪಾಲೆಷ್ಟು, ಹೆಚ್ಚಾದ ಐದು ಮಾತ್ರೆಯ ಪಾಲೆಷ್ಟು ಎಂದು ಒಬ್ಬರ ರಕ್ತ ನೋಡಿ ಬೇರೆ ಬೇರೆ ಮಾಡಲಾಗದು. ದೊಡ್ಡ ಇಳಿಕೆ ಬಂದದ್ದು ಹಂಚಿಕೆ ಬದಲಾದ ಮೇಲೆ. ಆದರೆ ಮಾತ್ರೆ ಪುಡಿಯಾಗದೆ ಇದ್ದಿದ್ದರೆ ಯಾವ ಹಂಚಿಕೆಯೂ ಎಕ್ಸ್‌ರೇಯಲ್ಲಿ ಬಿಲ್ಲೆಗಳನ್ನು ಅತ್ತಿತ್ತ ಸರಿಸುತ್ತಿತ್ತು, ಅಷ್ಟೇ ಎಂದು ನನಗನ್ನಿಸುತ್ತದೆ.

ಅಕ್ಟೋಬರ್‌ನಲ್ಲಿ ಅವರಿಗೆ ಜ್ವರ. ವಾರವಿಡೀ ಗಂಜಿ, ಉಪ್ಪಿಲ್ಲದ ಚಟ್ನಿ. ಶುಕ್ರವಾರ ಬಂದಾಗ ಡಬ್ಬಿ ತೆಗೆದು ನೋಡಿದೆ. ಮಾತ್ರೆ ಹಾಗೇ ಇದ್ದವು. ಹಳೆಯ ಅಭ್ಯಾಸದಂತೆ ನನ್ನ ಧ್ವನಿ ಏರಿತು. "ಏನಿದು, ನಾಲ್ಕು ದಿನದ ಮಾತ್ರೆ ಬಿಟ್ಟಿದ್ದೀರಿ?"

ಅವರು ಬ್ಯಾಗಿನಿಂದ ಹಾಳೆ ತೆಗೆದು ಕೊಟ್ಟರು. ಸೋಮವಾರದಿಂದ ಗುರುವಾರದವರೆಗೆ ಒಂದೊಂದು ಕೋಣೆಯಲ್ಲೂ "ಗಂಜಿ", ಪಕ್ಕದಲ್ಲಿ ಅರ್ಧ ಗೀಟು. ಊಟವಿಲ್ಲದ ದಿನ ಮಾತ್ರೆ ತಿಂದರೆ ಫಾಸ್ಫರಸ್ ಬೇಕಾದ್ದಕ್ಕಿಂತ ಕೆಳಗೂ ಹೋಗಬಹುದು ಎಂದು ನಾನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ. ಚೀಟಿಯಲ್ಲಿದ್ದ "ಒಂದು ಗೀಟಿನವರೆಗೆ ಬೇಡ" ಎಂಬ ಸಾಲನ್ನು ಅವರು ಓದಿಕೊಂಡಿದ್ದರು. ಅಂದು ಡಾಕ್ಟರು ಹೇಳಿ ತೆಗೆಸಿದ ರಕ್ತದಲ್ಲಿ 3.9 ಬಂತು.

"ಆಳು ಬಾರದ ದಿನಕ್ಕೆ ಕೂಲಿ ಬರೆಯೋಕಾಗುತ್ತಾ ಸಿಸ್ಟರ್?" ಎಂದರು. ನಾನು ಹಾಳೆಯನ್ನು ಅವರ ಫೈಲಿಗೆ ಹಾಕಿ, ಸೂಜಿ ಹಾಕಲು ಕೈ ಚಾಚಿ ಎಂದೆ.